ಬಸುರಿ ತಂಗಿಗೆ ಸೀಮಂತದ ಹಾರೈಕೆ: ಉಪದೇಶ ನುಸುಳದಂತೆ ಬರೆಯುವುದು ಹೇಗೆ

ಚಿಕ್ಕಮ್ಮನ ಮಗಳಿಗೆ ಏಳು ತಿಂಗಳು. ಭಾನುವಾರ ಸೀಮಂತ. ಶನಿವಾರ ಸಂಜೆ ಮೊಬೈಲ್ ಹಿಡಿದು ಕೂತವರು ಮೊದಲ ಸಾಲಿನಲ್ಲಿ 'ಹಾರ್ದಿಕ ಶುಭಾಶಯಗಳು' ಎಂದು ಬರೆಯುತ್ತಾರೆ. ಎರಡನೆಯ ಸಾಲಿಗೆ ಏನೂ ತೋಚುವುದಿಲ್ಲ. ಆ ಖಾಲಿ ಜಾಗಕ್ಕೆ ತಾನಾಗಿ ಬಂದು ಕೂರುವುದೇ ಉಪದೇಶ: ಜಾಗ್ರತೆ, ಚೆನ್ನಾಗಿ ತಿನ್ನು, ಭಾರ ಎತ್ತಬೇಡ. ಬರೆಯುವವರಲ್ಲಿ ಕೆಟ್ಟ ಮನಸ್ಸಿರುವುದಿಲ್ಲ, ಹೇಳಲು ಬೇರೇನೂ ಸಿಕ್ಕಿರುವುದಿಲ್ಲ, ಅಷ್ಟೇ. ಹಾಗಾಗಿ ಉಪದೇಶವನ್ನು ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಆ ಜಾಗಕ್ಕೆ ಬೇರೊಂದು ಮಾತನ್ನು ಮೊದಲೇ ಹುಡುಕಿಕೊಂಡಿರಬೇಕು.

ಏಳನೆಯ ತಿಂಗಳ ಹೊತ್ತಿಗೆ ಆಕೆ ಈ ಮಾತುಗಳನ್ನೆಲ್ಲ ಡಾಕ್ಟರಿಂದ, ಅತ್ತೆಯಿಂದ, ಪಕ್ಕದ ತೋಟದವರಿಂದ, ಬಸ್ಸಿನಲ್ಲಿ ಸಿಕ್ಕ ಅಪರಿಚಿತರಿಂದ ಕೇಳಿ ಆಗಿರುತ್ತದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೇಳಿದ್ದು ತಾಳೆಯಾಗುವುದಿಲ್ಲ. ಕಿತ್ತಳೆ ತಿನ್ನು ಎನ್ನುವವರ ಹಿಂದೆಯೇ ಶೀತವಾಗುತ್ತದೆ ಬೇಡ ಎನ್ನುವವರು ನಿಂತಿರುತ್ತಾರೆ. ನಿಮ್ಮ ಸಂದೇಶ ಆ ಸಾಲಿಗೆ ಸೇರಬಾರದು.

ಮೊದಲು: ಆಕೆ ನಿಮಗೆ ಏನಾಗಬೇಕು?

ಬರೆಯುವ ಮುಂಚೆ ಇದನ್ನು ಸ್ಪಷ್ಟಮಾಡಿಕೊಳ್ಳಿ. ಸಂದೇಶದ ಮೊದಲ ಪದವೂ ಕೊನೆಯ ಪದವೂ ಇದರಿಂದಲೇ ಬರುತ್ತವೆ. ಚಿಕ್ಕಮ್ಮ, ದೊಡ್ಡಮ್ಮ, ಚಿಕ್ಕಪ್ಪ, ದೊಡ್ಡಪ್ಪಂದಿರ ಮಗಳಾದರೆ ಆಕೆ ಅಕ್ಕ ಅಥವಾ ತಂಗಿ. ಸೋದರಮಾವನ ಅಥವಾ ಸೋದರತ್ತೆಯ ಮಗಳಾದರೆ ಲೆಕ್ಕ ಬದಲಾಗುತ್ತದೆ. ಹುಟ್ಟುವ ಮಗು ನಿಮ್ಮನ್ನು ಕರೆಯುವ ಹೆಸರೂ ಅದರ ಜೊತೆಗೆ ಬದಲಾಗುತ್ತದೆ. ತಂಗಿಯ ಮಗುವಿಗೆ ನೀವು ಹೆಣ್ಣಾದರೆ ದೊಡ್ಡಮ್ಮ, ಗಂಡಾದರೆ ಮಾವ. ಅದೇ ಸೋದರಮಾವನ ಮಗಳ ಮಗುವಿಗೆ ಹೆಣ್ಣಾದರೆ ನೀವು ಅತ್ತೆ. ಮನೆಯಲ್ಲಿ ಈ ಲೆಕ್ಕ ಬಿಟ್ಟು ಎಲ್ಲರನ್ನೂ ಅಕ್ಕ ಎಂದೇ ಕರೆಯುವ ಪದ್ಧತಿ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಸೀಮಂತದ ದಿನ ಹೊಸದಾಗಿ ವಂಶವೃಕ್ಷ ಬಿಡಿಸಬೇಕಿಲ್ಲ.

ಇಷ್ಟು ಹೇಳುವುದಕ್ಕೆ ಕಾರಣವಿದೆ. ಕೊನೆಯಲ್ಲಿ 'ನಿನ್ನ ಅಕ್ಕ, ಒಳಗಿರುವ ಮರಿಗೆ ದೊಡ್ಡಮ್ಮ' ಎಂದು ಸಹಿ ಹಾಕಿದರೆ ಆ ಎರಡು ತುಣುಕುಗಳೇ ಒಂದು ಇಡೀ ಹಾರೈಕೆಯ ಕೆಲಸ ಮಾಡುತ್ತವೆ. ಮಗುವಿಗೆ ಈಗಾಗಲೇ ಒಬ್ಬರು ಸಿದ್ಧರಾಗಿ ಕಾಯುತ್ತಿದ್ದಾರೆ ಎಂಬುದು ಅದರಲ್ಲೇ ಬಂತು.

ಕರೆಯುವಾಗ ಮನೆಯ ಹೆಸರನ್ನೇ ಬಳಸಿ. ಆಮಂತ್ರಣದಲ್ಲಿ ಅಚ್ಚಾದ ಪೂರ್ತಿ ಹೆಸರು ಬೇಡ, 'ಪ್ರೀತಿಯ ಸಹೋದರಿ' ಅಂತೂ ಬೇಡವೇ ಬೇಡ. ಕೊಡಗಿನ ಎಷ್ಟೋ ಮನೆಗಳಲ್ಲಿ ಮಾತು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ನಡೆಯುತ್ತದೆ, ಕಾರ್ಡಿನಲ್ಲಿ ಬರೆಯುವುದು ಕನ್ನಡ. ನಿಮ್ಮಿಬ್ಬರ ಮಾತೂ ಹಾಗಿದ್ದರೆ ಮೊದಲ ಸಾಲನ್ನು ಮನೆಮಾತಿನಲ್ಲೇ, ಕನ್ನಡ ಲಿಪಿಯಲ್ಲಿ, ಬಾಯಿಗೆ ಬಂದಂತೆ ಬರೆದು ಮುಂದೆ ಕನ್ನಡಕ್ಕೆ ಬನ್ನಿ. ನಿಮ್ಮದಲ್ಲದ ಮಾತನ್ನು ಶೋಕಿಗೆ ಎರವಲು ತರಬೇಡಿ. ಆ ಮಾತಿನವರಿಗೆ ಅದು ಓದಿದ ಕ್ಷಣವೇ ತಿಳಿಯುತ್ತದೆ.

ಕ್ರಿಯಾಪದದ ಬಾಲ ನೋಡಿ

ಉಪದೇಶವನ್ನೂ ಹಾರೈಕೆಯನ್ನೂ ಬೇರೆ ಮಾಡಲು ಕನ್ನಡದಲ್ಲಿ ಒಂದು ಸುಲಭ ದಾರಿ ಇದೆ. ಬರೆದು ಮುಗಿಸಿದ ಮೇಲೆ ಪ್ರತಿ ವಾಕ್ಯದ ಕೊನೆಯನ್ನು ಮಾತ್ರ ಓದಿ. '-ಲಿ' ಎಂದು ಮುಗಿದರೆ ಸಾಮಾನ್ಯವಾಗಿ ಹಾರೈಕೆ: ಬರಲಿ, ಇರಲಿ, ತುಂಬಲಿ. '-ಬೇಕು', '-ಬೇಡ', '-ಬಾರದು' ಎಂದು ಮುಗಿದರೆ ಉಪದೇಶ. ತಿನ್ನು, ಮಲಗು, ನೋಡಿಕೋ, ತಗೋ ಎಂದು ಆಜ್ಞೆಯಲ್ಲಿ ಮುಗಿದರೂ ಬಹುಪಾಲು ಉಪದೇಶವೇ.

'ಸುಖವಾಗಿರು', 'ನೂರ್ಕಾಲ ಬಾಳು' ಇವೂ ಆಜ್ಞೆಯ ರೂಪವೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅವು ಆಶೀರ್ವಾದ. ವ್ಯತ್ಯಾಸ ತಿಳಿಯಲು ಒಂದು ಪ್ರಶ್ನೆ ಸಾಕು: ಈ ಮಾತನ್ನು ಆಕೆ ನಾಳೆ ಬೆಳಿಗ್ಗೆ ಪಾಲಿಸದೆ ತಪ್ಪಿಸಬಹುದೇ? 'ಬೆಚ್ಚಗಿರು' ಎಂದರೆ ಸ್ವೆಟರ್ ಹಾಕದೆ ಅಂಗಳಕ್ಕೆ ಇಳಿದರೆ ಮಾತು ಮೀರಿದಂತಾಯಿತು. 'ಸುಖವಾಗಿರು' ಎಂಬುದನ್ನು ಯಾರೂ ಮೀರಲಾರರು. ತಪ್ಪಿಸಲು ಸಾಧ್ಯವಿರುವುದು ಉಪದೇಶ, ಸಾಧ್ಯವಿಲ್ಲದ್ದು ಹಾರೈಕೆ.

ಇನ್ನು '-ಲಿ' ಇದ್ದೂ ಹಾರೈಕೆ ಅಲ್ಲದವು ಕೆಲವಿವೆ. ಅವನ್ನು ಹಿಡಿಯುವುದು ಕಷ್ಟ, ಏಕೆಂದರೆ ಕಿವಿಗೆ ಅವು ಪೂರಾ ಮಂಗಳದ ಮಾತಿನಂತೆಯೇ ಕೇಳುತ್ತವೆ.

'ನಾರ್ಮಲ್ ಡೆಲಿವರಿ ಆಗಲಿ' ಎಂಬುದು ಅಂಥ ಒಂದು. ಕೊನೆಗೆ ಸಿಸೇರಿಯನ್ ಆದರೆ ನೀವು ಹಾರೈಸಿದ್ದು ಫಲಿಸಲಿಲ್ಲ ಎಂದಾಗುತ್ತದೆ, ಆಕೆ ಏನೋ ಸೋತಂತೆ. ಹಿರಿಯರ 'ಸುಖಪ್ರಸವವಾಗಲಿ' ಇದಕ್ಕಿಂತ ಎಷ್ಟೋ ಜಾಣ ಮಾತು. ಅದು ದಾರಿ ಯಾವುದೆಂದು ಗೊತ್ತುಮಾಡುವುದಿಲ್ಲ. 'ಗಂಡು ಮಗುವಾಗಲಿ' ಎನ್ನುವುದರ ತೊಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ 'ಮಹಾಲಕ್ಷ್ಮಿಯೇ ಬರಲಿ' ಎನ್ನುವುದೂ ಅದೇ ಜಾತಿಯದು. ಯಾವುದನ್ನು ಆರಿಸಿದರೂ ಆರಿಸಿದಂತೆಯೇ. ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಪತ್ತೆಮಾಡಿ ಹೇಳುವುದು 1994ರ ಕಾಯ್ದೆಯ ಪ್ರಕಾರ ನಮ್ಮಲ್ಲಿ ಅಪರಾಧ. ಹೋಂಸ್ಟೇಯಲ್ಲೋ ಹಾಲ್‌ನಲ್ಲೋ ಕೇಕ್, ಬಲೂನ್ ಇಟ್ಟು ಮಾಡುವ ಬೇಬಿ ಶವರ್‌ಗಳಲ್ಲಿ ಗಂಡೋ ಹೆಣ್ಣೋ ಎಂದು ಊಹಿಸುವ ಆಟ ಇಡುತ್ತಾರೆ. ಅಲ್ಲಿ ನಕ್ಕು ಸುಮ್ಮನಿರಿ, ಕಾರ್ಡಿನಲ್ಲಿ ಊಹೆ ಬರೆಯಬೇಡಿ. ಆ ಕಾರ್ಡು ಬೀರುವಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಒಂದು ದಿನ ಆ ಮಗುವೇ ಅದನ್ನು ಓದುತ್ತದೆ. ಮಗುವಿನ ಬಣ್ಣ, ಯಾರ ಮೂಗು, ಯಾರ ಕಣ್ಣು ಎಂಬ ಹಾರೈಕೆಗಳಿಗೂ ಇದೇ ಮಾತು.

'ಪುತ್ತರಿ ಹೊತ್ತಿಗೆ ಮನೆಗೆ ಪುಟ್ಟ ಅತಿಥಿ ಬರಲಿ' ಎನ್ನುವುದು ಕೇಳಲು ಚೆಂದ. ಆದರೆ ಡಾಕ್ಟರು ಕೊಡುವ ತಾರೀಕು 40 ವಾರದ ಅಂದಾಜು, ಅದಕ್ಕೆ ಎರಡು ಮೂರು ವಾರ ಮೊದಲೂ ಹೆರಿಗೆಯಾಗಬಹುದು, ವಾರ ಎರಡು ವಾರ ತಡವೂ ಆಗಬಹುದು. ಹಬ್ಬದ ಹೆಸರು ಹಿಡಿದು ಗಡುವು ಕೊಟ್ಟರೆ ಹಬ್ಬದ ದಿನ ಹತ್ತು ಜನ ಫೋನ್ ಮಾಡಿ 'ಇನ್ನೂ ಆಗಲಿಲ್ವಾ?' ಎಂದು ಕೇಳುತ್ತಾರೆ. ತಾರೀಕನ್ನು ಹಾರೈಕೆಯಿಂದ ದೂರವಿಡಿ.

ಒಂದು ಸಂದೇಶವನ್ನು ತಿದ್ದಿ ನೋಡೋಣ

ಆಕೆ ಮಡಿಕೇರಿಯಲ್ಲಿ ಬೆಳೆದವಳು, ಸುಂಟಿಕೊಪ್ಪದ ಹತ್ತಿರ ತೋಟದ ಮನೆಗೆ ಮದುವೆಯಾಗಿ ಹೋದವಳು, ಶಾಲೆಯಲ್ಲಿ ಟೀಚರ್ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕರೆಯುವುದು ಪುಟ್ಟಿ. ಆಗಸ್ಟ್ ತಿಂಗಳು, ಕುಶಾಲನಗರದ ಮಂಟಪದಲ್ಲಿ ಸೀಮಂತ. ಬರೆಯುತ್ತಿರುವವಳು ದೊಡ್ಡಮ್ಮನ ಮಗಳು, ಎರಡು ವರ್ಷ ದೊಡ್ಡವಳು. ಮೊದಲು ಬರೆದದ್ದು ಹೀಗಿದೆ:

'ಪ್ರೀತಿಯ ಪುಟ್ಟಿ, ಸೀಮಂತದ ಹಾರ್ದಿಕ ಶುಭಾಶಯಗಳು. ತಾಯ್ತನ ಹೆಣ್ಣಿನ ಬದುಕಿನ ಅತ್ಯಂತ ಸುಂದರ ಘಟ್ಟ, ಪ್ರತಿ ಕ್ಷಣವನ್ನೂ ಆನಂದಿಸು. ಇನ್ನಾದರೂ ಶಾಲೆಗೆ ರಜೆ ಹಾಕು, ಆ ರಸ್ತೆಯಲ್ಲಿ ಸ್ಕೂಟಿ ಓಡಿಸಬೇಡ. ಮಳೆಗಾಲ ಬೇರೆ, ಬೆಚ್ಚಗಿರು, ಹೊತ್ತುಹೊತ್ತಿಗೆ ತಿನ್ನು. ನಾರ್ಮಲ್ ಡೆಲಿವರಿ ಆಗಿ ಮುದ್ದಾದ ಗಂಡು ಮಗು ಬರಲಿ. ಏನೇ ಬೇಕಿದ್ದರೂ ಹೇಳು.'

ಬಾಲ ನೋಡುತ್ತಾ ಬನ್ನಿ. ಆನಂದಿಸು, ಹಾಕು, ಓಡಿಸಬೇಡ, ಬೆಚ್ಚಗಿರು, ತಿನ್ನು, ಹೇಳು. ಇಷ್ಟು ಚಿಕ್ಕ ಸಂದೇಶದಲ್ಲಿ ಆರು ಆಜ್ಞೆಗಳು! 'ಪ್ರತಿ ಕ್ಷಣವನ್ನೂ ಆನಂದಿಸು' ಎಂಬುದು ಇವುಗಳಲ್ಲಿ ಹೆಚ್ಚು ಮೋಸದ್ದು. ಬೆನ್ನು ನೋವು, ರಾತ್ರಿ ನಿದ್ದೆ ಇಲ್ಲ, ಕಾಲು ಬಾತಿದೆ ಎನ್ನುವವಳಿಗೆ ಆನಂದಿಸುವುದೂ ಒಂದು ಹೋಂವರ್ಕ್ ಆಗುತ್ತದೆ. ಸ್ಕೂಟಿಯ ಮಾತು ನಿಜವಾದ ಕಾಳಜಿಯಿಂದಲೇ ಬಂದಿರಬಹುದು, ಆ ರಸ್ತೆಯ ಗುಂಡಿ ಎಲ್ಲರಿಗೂ ಗೊತ್ತು. ಆದರೆ ಅದು ಆಕೆ, ಆಕೆಯ ಗಂಡ, ಡಾಕ್ಟರು ಮಾತಾಡಿ ಮುಗಿಸಿರುವ ವಿಷಯ. 'ಇನ್ನಾದರೂ' ಎಂಬ ಒಂದು ಪದದಲ್ಲಿ ಇಷ್ಟು ದಿನ ತಪ್ಪು ಮಾಡಿದೆ ಎಂಬ ಆರೋಪವೂ ಸೇರಿಕೊಂಡಿದೆ. 'ಏನೇ ಬೇಕಿದ್ದರೂ ಹೇಳು' ಸಹಾಯದಂತೆ ಕಾಣುತ್ತದೆ. ಆದರೆ ಏನು ಬೇಕೆಂದು ಯೋಚಿಸುವುದು, ಕೇಳುವುದು, ಸಂಕೋಚ ಪಡುವುದು ಎಲ್ಲ ಆಕೆಯ ಪಾಲಿಗೇ ಬಿತ್ತು. ಹಾಗಾಗಿ ಯಾರೂ ಕೇಳುವುದಿಲ್ಲ.

ಇದೆಲ್ಲ ತೆಗೆದರೆ ಉಳಿಯುವುದು 'ಪ್ರೀತಿಯ ಪುಟ್ಟಿ' ಮತ್ತು 'ಶುಭಾಶಯಗಳು'. ಈಗ ತುಂಬಲು ಬೇಕಾದದ್ದು ಮೂರು: ಆಕೆಯದೇ ಆದ ಒಂದು ನೆನಪು, ಒಂದು ಹಾರೈಕೆ, ಒಂದು ನಿಖರವಾದ ಸಹಾಯ.

ನೆನಪನ್ನು ಹುಡುಕುವಾಗ ಬಸಿರಿಗೆ ಸಂಬಂಧಿಸಿದ್ದನ್ನು ಹುಡುಕಬೇಡಿ. ತಿಂಗಳುಗಟ್ಟಲೆ ಎಲ್ಲರೂ ಆಕೆಯ ಹೊಟ್ಟೆಯ ಜೊತೆಗೇ ಮಾತಾಡಿದ್ದಾರೆ. ನೀವು ಆಕೆಯ ಜೊತೆ ಮಾತಾಡಿ. ಒಟ್ಟಿಗೆ ಬೆಳೆದವರಿಗೆ ಮಾತ್ರ ಸಿಗುವ ಅನುಕೂಲ ಅದು, ಆಕೆಯ ಸಹೋದ್ಯೋಗಿಗಳಿಗೂ ಗಂಡನ ಮನೆಯವರಿಗೂ ಅದು ಇಲ್ಲ. ಜೋರು ಮಳೆಗೆ ಶಾಲೆಗೆ ರಜೆ ಘೋಷಿಸಿದ ದಿನ ಪುಟ್ಟಿ ಮನೆಯ ಚಪ್ಪಲಿಗಳನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಕೂರಿಸಿ ಹಾಜರಿ ಕೂಗುತ್ತಿದ್ದಳು. ಈಗ ಆಕೆ ನಿಜವಾದ ಟೀಚರ್. ಇಂಥದ್ದು ಒಂದು ಸಾಕು. ಎರಡು ಹಾಕಿದರೆ ಸಂದೇಶ ಭಾಷಣವಾಗುತ್ತದೆ. ಆಕೆಗೆ ಮುಜುಗರ ತರುವ ನೆನಪು ಬೇಡ, ಏಕೆಂದರೆ ಫೋನನ್ನು ಅತ್ತೆ ಮನೆಯವರೂ ನೋಡಬಹುದು.

ಹೋಲಿಕೆಗಳ ವಿಷಯದಲ್ಲಿ ಒಂದು ಮಾತು. ಕೊಡಗು ಎಂದ ಕೂಡಲೇ ಕಾಫಿ ಹೂವು, ಮಂಜು, ಕಾವೇರಿ ಕೈಗೆ ಬಂದುಬಿಡುತ್ತವೆ. ತೋಟದ ಮನೆಯವಳಿಗೆ ಕಾಫಿ ಹೂವು ಎಂದರೆ ಹೂಮಳೆ ಹೊತ್ತಿಗೆ ಬಂತೋ ಇಲ್ಲವೋ, ಸ್ಪ್ರಿಂಕ್ಲರ್‌ಗೆ ಡೀಸೆಲ್ ಎಷ್ಟಾಯಿತು ಎಂಬ ಚಿಂತೆ. ಶುಭಾಶಯದಲ್ಲಿ ಅದು ಆಕೆಗೆ ಲೆಕ್ಕದ ಪುಸ್ತಕ ನೆನಪಿಸಬಹುದು.

ಸಹಾಯ ಹೇಳುವಾಗ ದಿನ, ಕೆಲಸ, ಮಿತಿ ಮೂರೂ ಇರಲಿ. ಕೊಡಗಿನಲ್ಲಿ ರೈಲಿಲ್ಲ. ದೊಡ್ಡ ಆಸ್ಪತ್ರೆಗೆಂದು ಮೈಸೂರಿಗೋ ಮಂಗಳೂರಿಗೋ ಹೋಗುವವರು ಬಹಳ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಹೋಗಿ ಬರುವುದಕ್ಕೆ ಇಡೀ ದಿನ ಬೇಕು. ಹಾಗಾಗಿ 'ಕಾರು ನಾನು ಓಡಿಸುತ್ತೇನೆ' ಎನ್ನುವುದು ಇಲ್ಲಿ ತೂಕದ ಮಾತು. ಆದರೆ ಸಹಾಯದ ವೇಷದಲ್ಲಿ ಉಪದೇಶ ಬರಬಾರದು. 'ನಿನಗೆ ಲೇಹ್ಯ ಮಾಡಿ ತರುತ್ತೇನೆ' ಎಂದರೆ ತಿನ್ನು ಎಂದಂತೆಯೇ. 'ಶನಿವಾರ ಬಂದು ಬಟ್ಟೆ ಮಡಚಿಕೊಟ್ಟು ಹೋಗುತ್ತೇನೆ' ಎನ್ನುವುದು ಸರಿ, ನೀವು ನಿಜವಾಗಿ ಬರುವವರಾದರೆ. ಮಳೆಗಾಲದಲ್ಲಿ ಒಣಗದ ಬಟ್ಟೆಯ ರಾಶಿ ಕೊಡಗಿನ ಪ್ರತಿ ಮನೆಯಲ್ಲೂ ಇರುತ್ತದೆ.

ಎಲ್ಲ ಸೇರಿದ ಮೇಲೆ:

'ಪುಟ್ಟೀ, ಮಳೆ ರಜೆಯ ದಿನ ಜಗಲಿಯಲ್ಲಿ ಚಪ್ಪಲಿಗಳನ್ನೆಲ್ಲ ಸಾಲಾಗಿ ಕೂರಿಸಿ ಹಾಜರಿ ಕೂಗುತ್ತಿದ್ದೆಯಲ್ಲ, ಎರಡು ದಿನದಿಂದ ಅದೇ ನೆನಪಾಗ್ತಿದೆ. ನನ್ನ ಎಡಗಾಲಿನ ಚಪ್ಪಲಿ ಯಾವಾಗಲೂ ಗೈರುಹಾಜರಿ! ನಾಳೆ ನಿನ್ನ ಕೈತುಂಬ ಹಸಿರು ಬಳೆ ನೋಡೋಕೆ ಕಾಯ್ತಿದ್ದೇನೆ. ನೀನೂ ಮಗುವೂ ಸುಖವಾಗಿರಿ, ಮನೆ ತುಂಬ ನಗು ಇರಲಿ. ಈ ತಿಂಗಳು ಶನಿವಾರ ನಾನು ಬಿಡುವು. ಮೈಸೂರಿಗೆ ಹೋಗುವುದಿದ್ದರೆ ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕಿದರೆ ಸಾಕು, ಕಾರು ತರ್ತೇನೆ. ಇದಕ್ಕೆ ಉತ್ತರ ಬರೀಬೇಕಂತಿಲ್ಲ. ನಿನ್ನ ಅಕ್ಕ, ಒಳಗಿರುವ ಮರಿಗೆ ದೊಡ್ಡಮ್ಮ.'

ಕೊನೆಯ ಆ 'ಉತ್ತರ ಬರೀಬೇಕಂತಿಲ್ಲ' ಎಂಬುದನ್ನು ಬಿಡಬೇಡಿ. ಸೀಮಂತದ ವಾರ ಆಕೆಗೆ ನೂರಾರು ಮೆಸೇಜ್ ಬಂದಿರುತ್ತವೆ, ಒಂದೊಂದಕ್ಕೂ ಕೈಮುಗಿಯುವ ಚಿತ್ರ ಕಳಿಸುತ್ತಾ ಕೂರುವುದೇ ಒಂದು ಕೆಲಸ.

ಆರತಿಯ ಹೊತ್ತಿಗೆ, ಕಾರ್ಡಿಗೆ

ವಾಟ್ಸ್ಯಾಪಿಗೆ ಐವತ್ತು ಅರವತ್ತು ಪದ ಆಗಬಹುದು. ಮುಯ್ಯಿ ಕವರಿನ ಜೊತೆ ಇಡುವ ಕಾರ್ಡಿಗೆ ಎರಡು ಸಾಲು ಸಾಕು: 'ಪುಟ್ಟಿಗೆ, ಹಾಜರಿ ಪುಸ್ತಕಕ್ಕೆ ಹೊಸ ಹೆಸರು ಸೇರುವ ಸಂಭ್ರಮಕ್ಕೆ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.' ಮಳೆಗಾಲದ ತೇವಕ್ಕೆ ಕಾರ್ಡಿನ ಕಾಗದ ನೀರು ಹೀರಿರುತ್ತದೆ, ಇಂಕ್ ಪೆನ್ನಿನಲ್ಲಿ ಬರೆದರೆ ಅಕ್ಷರ ಹರಡಿ ಒತ್ತಕ್ಷರ ಮುದ್ದೆಯಾಗುತ್ತದೆ. ಬಾಲ್ ಪೆನ್ ಹಿಡಿಯಿರಿ. ಹಾರೈಕೆಯನ್ನು ಅಚ್ಚು ಹಾಕಿಸುವುದಾದರೆ ಮೊಬೈಲಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಅಕ್ಷರ ಪ್ರಿಂಟಿಂಗ್ ಅಂಗಡಿಯ ಹಳೆಯ ನುಡಿ ಫಾಂಟಿಗೆ ಹೋಗುವಾಗ ಒಡೆಯುವುದುಂಟು. ಪ್ರೂಫ್ ತರಿಸಿ ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ನೋಡಿ.

ಎದುರಿಗೆ ಹೇಳುವುದು ಇನ್ನೂ ಚಿಕ್ಕದು. ಅರಶಿನ ಕುಂಕುಮ ಹಚ್ಚಿ, ಬಳೆ ತೊಡಿಸಿ, ಆರತಿ ಎತ್ತಲು ಸಾಲು ನಿಂತಿರುತ್ತದೆ, ನಿಮಗೆ ಸಿಗುವುದು ಅರ್ಧ ನಿಮಿಷ. 'ಈ ಬಣ್ಣ ನಿನಗೆ ತುಂಬ ಒಪ್ಪುತ್ತೆ ಕಣೇ, ಸುಖವಾಗಿರು' ಎಂದರೆ ಮುಗಿಯಿತು. ಹೊಟ್ಟೆ ದೊಡ್ಡದೋ ಚಿಕ್ಕದೋ, ಮುಖ ಬಾಡಿದೆಯೋ ಹೊಳೆಯುತ್ತಿದೆಯೋ, ಅವಳಿ ಇರಬಹುದೋ ಎಂಬುದು ಹೊಗಳಿಕೆಯಾಗಿ ಬಂದರೂ ಆಕೆಯ ಮೈ ಬಗ್ಗೆ ಕೊಟ್ಟ ತೀರ್ಪೇ. ಸೀರೆ, ಬಳೆ, ಮುಡಿದ ಹೂವು ಹೊಗಳಲು ಬೇಕಾದಷ್ಟಾಯಿತು.

ಅಜ್ಜಿಯ ಪರವಾಗಿ ನೀವು ಸಂದೇಶ ಕಳಿಸಬೇಕಾದಾಗ ತೊಂದರೆ ಬೇರೆ. ಅಜ್ಜಿಗೆ 'ಏನಾದ್ರೂ ಹೇಳಿ' ಎಂದು ಫೋನ್ ಕೊಟ್ಟರೆ ಪಥ್ಯದ ಪಟ್ಟಿ ಶುರುವಾಗುತ್ತದೆ. 'ಅಜ್ಜೀ, ಆಶೀರ್ವಾದ ಮಾಡಿ' ಎಂದು ಕೇಳಿ. ಹಾಗೆ ಕೇಳಿದರೆ ಬಾಯಿಂದ ಬೇರೆಯದೇ ಮಾತು ಬರುತ್ತದೆ, ಕಿರಿಯರು ಎಷ್ಟು ತಿಣುಕಿದರೂ ಬರೆಯಲಾಗದ್ದು. ಅರ್ಧ ನಿಮಿಷ ರೆಕಾರ್ಡ್ ಮಾಡಿ ಹಾಗೇ ಕಳಿಸಿ.

ಕಳಿಸುವ ಹೊತ್ತು

ಸೀಮಂತದ ದಿನ ಬೆಳಿಗ್ಗೆಯಿಂದ ಫೋನು ಯಾರ ಬ್ಯಾಗಿನಲ್ಲಿರುತ್ತದೋ ಗೊತ್ತಿಲ್ಲ. ಹಿಂದಿನ ಸಂಜೆ ಕಳಿಸಿ, ಇಲ್ಲವೇ ಮಾರನೆಯ ದಿನ ಮಧ್ಯಾಹ್ನ. ಜೂನ್‌ನಿಂದ ಆಗಸ್ಟ್ ತನಕ ಗಾಳಿಮಳೆಗೆ ಕರೆಂಟು ಹೋಗಿ ಟವರ್‌ಗಳೂ ಸ್ತಬ್ಧವಾಗುವ ಊರುಗಳಿವೆ. ಒಂದೇ ಗೆರೆಯ ಟಿಕ್ ನಿಂತಿದ್ದರೆ ಸಾಧಾರಣ ಎಸ್ಸೆಮ್ಮೆಸ್ ಹಾಕಿ, ಇಂಟರ್ನೆಟ್ ಇಲ್ಲದಲ್ಲಿಯೂ ಅದು ಬಹಳ ಸಲ ತಲುಪುತ್ತದೆ. ಮಣ್ಣು ಜರಿದು ರಸ್ತೆ ಮುಚ್ಚಿ ಹೋಗಲಾಗದಿದ್ದರೆ ರಸ್ತೆಯ ವರದಿ ಒಂದೇ ವಾಕ್ಯದಲ್ಲಿರಲಿ, ಉಳಿದದ್ದು ಆಕೆಯ ಬಗ್ಗೆ.

ಕುಟುಂಬದ ಗ್ರೂಪಿನಲ್ಲಿ ಹಾಕುವ ಮುಂಚೆ ಆಕೆಯೇ ಅಲ್ಲಿ ವಿಷಯ ಹೇಳಿದ್ದಾಳೆಯೇ ನೋಡಿ. ಗ್ರೂಪಿಗೆ ಒಂದು ಸಾಲು, ನೆನಪು ಮತ್ತು ಸಹಾಯ ಆಕೆಗೆ ಮಾತ್ರ. ಗ್ರೂಪಿನಲ್ಲಿ 'ಶನಿವಾರ ಕಾರು ತರ್ತೇನೆ' ಎಂದರೆ ಉಳಿದವರು ಯಾವ ಡಾಕ್ಟರು, ಯಾಕೆ ಮೈಸೂರು ಎಂದು ಕೇಳಲು ಶುರುಮಾಡುತ್ತಾರೆ.

ಮೊದಲೊಮ್ಮೆ ಬಸಿರು ನಿಲ್ಲದೆ ಹೋದವಳಿಗೆ ಬರೆಯುವಾಗ

ಇಲ್ಲಿ ನಿಧಾನ ಬೇಕು. 'ಈ ಸಲ ಎಲ್ಲ ಸರಿಹೋಗುತ್ತೆ' ಎಂಬುದು ಧೈರ್ಯದ ಮಾತು ಎಂದು ಅನ್ನಿಸುತ್ತದೆ, ಆದರೆ 'ಈ ಸಲ' ಎಂದ ಕೂಡಲೇ ಆ ಸಲದ್ದು ಎದುರಿಗೆ ಬಂದು ನಿಲ್ಲುತ್ತದೆ. ಭರವಸೆ ಕೊಡುವುದು ನಿಮ್ಮ ಕೈಯಲ್ಲೂ ಇಲ್ಲ. ಮುಂದಿನ ತಿಂಗಳುಗಳ ಬಗ್ಗೆ, ತೊಟ್ಟಿಲು, ನಾಮಕರಣದ ಬಗ್ಗೆ ಬರೆಯಬೇಡಿ. ಇವತ್ತಿನ ದಿನ, ಇವತ್ತಿನ ಆಕೆ, ಇಷ್ಟರಲ್ಲೇ ಇರಿ: 'ಅಕ್ಕಾ, ಇವತ್ತು ನಿಮ್ಮನ್ನು ನೋಡಿ ಖುಷಿಯಾಯಿತು. ನಿಮ್ಮ ಜೊತೆ ಇದ್ದೇನೆ. ಮಾತಾಡಬೇಕೆನಿಸಿದಾಗ ಎಷ್ಟು ಹೊತ್ತಾದರೂ ಫೋನ್ ಮಾಡಿ, ಸುಮ್ಮನೆ ಕೂರಬೇಕೆನಿಸಿದರೂ ಬರುತ್ತೇನೆ.' ಆಕೆ ಸೀಮಂತವೇ ಬೇಡ ಎಂದಿದ್ದರೆ ಸೀಮಂತದ ಶುಭಾಶಯವೂ ಬೇಡ. ಹೆರಿಗೆಯಾಗುವ ತನಕ ಏನನ್ನೂ ಆಚರಿಸದ ಮನೆಗಳೂ, ಈ ಶಾಸ್ತ್ರವೇ ಇಲ್ಲದ ಮನೆಗಳೂ ಕೊಡಗಿನಲ್ಲಿವೆ. ಅಂಥಲ್ಲಿ ಬಳೆ, ಮಡಿಲಿನ ಮಾತು ಬಿಟ್ಟು ನೆನಪು, ಹಾರೈಕೆ, ಸಹಾಯ ಮಾತ್ರ ಉಳಿಸಿಕೊಳ್ಳಿ, ಸಾಲುವುದು.

ಆಕೆಯೇ ಕೇಳಿದರೆ

'ಅಕ್ಕಾ, ನಿನಗೆ ಕಾಲು ಬಾತಿದ್ದಾಗ ಏನು ಮಾಡಿದೆ?' ಎಂದು ಉತ್ತರ ಬಂದರೆ ಈಗ ಹೇಳಬಹುದು. ಕೇಳಿದಷ್ಟಕ್ಕೆ ಮಾತ್ರ, ನಿಮಗೆ ಆದದ್ದನ್ನು ಮಾತ್ರ, ಮತ್ತು ಡಾಕ್ಟರಿಗೂ ಹೇಳಿದ್ದೀಯಾ ಎಂದು ಒಂದು ಮಾತು ಸೇರಿಸಿ. ಬಾವು ತಟ್ಟನೆ ಹೆಚ್ಚಿ ಮುಖ, ಕೈಗೂ ಬಂದಿದ್ದರೆ, ತಲೆನೋವೋ ಕಣ್ಣು ಮಂಜೋ ಇದ್ದರೆ, ಆಗ ಉಪದೇಶ ಬೇಡ ಎಂಬ ನಿಯಮ ಪಕ್ಕಕ್ಕಿಡಿ. ಅದು ರಕ್ತದೊತ್ತಡ ಏರಿದ ಲಕ್ಷಣ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗು ಎಂದು ನೇರವಾಗಿ ಹೇಳಿ, ಕಾರು ತೆಗೆಯಿರಿ.

ಉತ್ತರವಾಗಿ ಒಂದು ಹೃದಯದ ಚಿತ್ರ ಮಾತ್ರ ಬಂದರೆ ಅದೇ ಪೂರ್ತಿ ಉತ್ತರ. ಅದರ ಬೆನ್ನಿಗೆ 'ಊಟ ಆಯ್ತಾ? ಸುಸ್ತಾಯ್ತಾ? ಸ್ವಲ್ಪ ಮಲಗು' ಎಂದು ಸಾಲುಸಾಲು ಕಳಿಸಿದರೆ ಅಷ್ಟು ಜತನದಿಂದ ತೆಗೆದುಹಾಕಿದ್ದೆಲ್ಲ ವಾಪಸು ಬಂತು. ಕಳಿಸಿದ ಮೇಲೆ ಕಣ್ಣಿಗೆ ಬಿದ್ದ ಉಪದೇಶದ ಸಾಲಿದ್ದರೆ ವಾಟ್ಸ್ಯಾಪಿನಲ್ಲಿ ಹದಿನೈದು ನಿಮಿಷದೊಳಗೆ ತಿದ್ದಬಹುದು. ಆ ಹೊತ್ತು ಮೀರಿದ್ದರೆ ಹಾಗೇ ಬಿಡಿ. 'ಹಾಗೆ ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡ' ಎಂದು ಇನ್ನೊಂದು ಉದ್ದದ ಮೆಸೇಜ್ ಬರೆದರೆ ಆಕೆ ನಿಮ್ಮನ್ನೂ ಸಮಾಧಾನ ಮಾಡಬೇಕಾಗುತ್ತದೆ.